ಆ ಕಡೆ ಬಾಗಿಲಿನ ಗೀಟುಗಳು

ಅಮರಪ್ಪನವರು ಬಾಡಿಗೆ ಏರಿಸುವ ಮಾತು ತೆಗೆದದ್ದು ಚಹಾ ಕುಡಿದಾದ ಮೇಲೆ. ದಾನೇಶ್ವರಿಗೆ ಸಿಟ್ಟು ಬಂದದ್ದು ಅದಕ್ಕೇ. ಏಲಕ್ಕಿ ಹಾಕಿದ ಚಹಾ ತರಿಸಿಕೊಂಡು, ಬಸಿಗೆ ಸುರಿದುಕೊಂಡು, ಸೊರ್ ಎಂದು ಹೀರಿ, ಮೀಸೆ ಒರೆಸಿಕೊಂಡು ಹೇಳುವ ಮಾತೇ ಇದು?

"ಮುಂದಿನ ತಿಂಗಳು ಕರಾರು ಮುಗೀತದ ತಂಗಿ. ಈ ಸಲ ಹನ್ನೊಂದು ಸಾವಿರ ಮಾಡೂಣು."

"ಎಂಟು ಇದ್ದದ್ದು ಒಮ್ಮೆಲೆ ಹನ್ನೊಂದಾ? ಏನ್ ಮಾತಾಡಾಕತ್ತೀರಿ ಕಾಕಾ! ನಾ ಬ್ಲೌಸ್ ಪೀಸ್ ಮಾರಾಕಿ, ಬಂಗಾರ ಮಾರಾಕಿ ಅಲ್ಲ."

"ಎದುರಿಗೆ ಬ್ಯಾಂಕು ಬಂದದ. ಮಂದಿ ಹೆಂಗ ಹರ್ಯಾಕತ್ತಾರ ನೀನೇ ನೋಡ್ತಿ. ಯಾದಗಿರಿ ಮೊಬೈಲ್ ಅಂಗಡ್ಯಾಂವ ಎರಡು ಸಲ ಬಂದು ಹೋಗ್ಯಾನ, ಕೇಳಿದಷ್ಟು ಕೊಡ್ತೀನಿ ಅಂತಾನ."

"ಆ ಮಂದಿ ಬ್ಯಾಂಕಿಗೆ ಬರ್ತಾರ್ರಿ, ನನ್ನ ಅಂಗಡಿಗಲ್ಲ."

ಅಮರಪ್ಪನವರು ಬಸಿ ಕೆಳಗಿಟ್ಟರು. ನಾರಾಯಣಪುರದ ಡ್ಯಾಮಿನಲ್ಲಿ ನೀರಿನ ಮಟ್ಟ ನೋಡಿ ಬರೆಯುವ ನೌಕರಿಯಲ್ಲೇ ಅವರ ವಯಸ್ಸು ಕಳೆದಿತ್ತು. ಮಳೆ ಬರಲಿ, ಹಬ್ಬ ಬರಲಿ, ಅಳತೆಪಟ್ಟಿ ನೋಡಿ ಅಂಕಿ ಬರೆದೇ ಊಟ. ಹಾಗಾಗಿ ನಿವೃತ್ತಿಯಾದ ಮೇಲೂ ಬರೆದದ್ದನ್ನು ಮಾತ್ರ ನಂಬುತ್ತಿದ್ದರು, ಕಣ್ಣೀರು ಸುರಿಸಿದರೂ ಕರಗುತ್ತಿರಲಿಲ್ಲ.

"ಬಾಯಿಮಾತು ಬ್ಯಾಡ. ಎಷ್ಟು ಮಂದಿ ನನ್ನ ಮೆಟ್ಟಲ ಹತ್ತತಾರ, ಎಷ್ಟು ವ್ಯಾಪಾರ ಆಗ್ತದ, ಬರದು ತೋರಿಸು. ನಿನ್ನ ಮಾತು ಖರೇ ಅಂತ ಕಂಡ್ರ ನಾ ಹಠ ಮಾಡಾಂವಲ್ಲ," ಎಂದು ಹೇಳಿ ಎದ್ದುಹೋದರು.

ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಮರಪ್ಪನವರ ಮನೆ; ಮನೆಯ ಮುಂದೆ ಅವರವೇ ಎರಡು ಮಳಿಗೆ. ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿದರೆ ಒಂದು ಕಟ್ಟೆ. ಎಡಕ್ಕೆ ತಿರುಗಿದರೆ ದಾನೇಶ್ವರಿಯ ಮ್ಯಾಚಿಂಗ್ ಸೆಂಟರ್: ಬ್ಲೌಸ್ ಪೀಸು, ಸೀರೆಯ ಫಾಲು, ಪೆಟಿಕೋಟು, ಬ್ಲೌಸಿನ ಒಳಗೆ ಹಾಕುವ ಅಸ್ತರು. ಬಲಕ್ಕೆ ತಿರುಗಿದರೆ ಲೇಡೀಸ್ ಟೇಲರ್ ತಸ್ಲೀಮಾ. ಎಡಗಡೆ ಬಟ್ಟೆ ಕೊಳ್ಳುವುದು, ಬಲಗಡೆ ಹೊಲಿಸುವುದು. ಎಷ್ಟೋ ವರ್ಷದಿಂದ ಹೀಗೇ ನಡೆದಿತ್ತು. ನಡುವಿನ ಗೋಡೆ ಎಷ್ಟು ತೆಳುವೆಂದರೆ ತಸ್ಲೀಮಾಳ ಮಷಿನ್ನಿನ ಸದ್ದು ನಿಂತರೆ ದಾನೇಶ್ವರಿ "ಏನಾತs? ದಾರ ಹರೀತೇನು?" ಎಂದು ಇಲ್ಲಿಂದಲೇ ಕೂಗುತ್ತಿದ್ದಳು.

ಅಂಗಡಿ ದಾನೇಶ್ವರಿಯದೇ. ಗಂಡ ಬಸವಂತ್ರಾಯ ಹತ್ತಿ ಮಿಲ್ಲಿನಲ್ಲಿ ಗುಮಾಸ್ತ. ಅವನ ಪಗಾರ ಮನೆಗೆ, ಅಂಗಡಿಯ ಲಾಭ ಮಗಳು ರಾಧಿಕಾಳ ನರ್ಸಿಂಗ್ ಕಾಲೇಜಿಗೆ. ಬಾಡಿಗೆ ಹನ್ನೊಂದಾದರೆ ಆ ಲಾಭದಲ್ಲಿ ಫೀಜು ಕಟ್ಟುವಷ್ಟು ಉಳಿಯುವುದಿಲ್ಲ. ಮಗಳನ್ನು ಬಿಡಿಸಬೇಕು, ಇಲ್ಲ ಅಂಗಡಿಗೆ ಕೀಲಿ ಹಾಕಬೇಕು. ವಿಷಯ ಇಷ್ಟೇ.

ಹಟಮಾರಿ ಹೆಂಗಸು ದಾನೇಶ್ವರಿ. ಲೆಕ್ಕ ಬೇಕಾ, ತಗೋ ಎಂದು ಕೂತಳು. ಮೊದಲು ಮಾರಾಟ. ಬಿಲ್ ಪುಸ್ತಕ ತೆಗೆದಳು, ಫೋನಿಗೆ ಬಂದ ದುಡ್ಡಿನ ಪಟ್ಟಿಯನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದಳು, ಎರಡನ್ನೂ ಕೂಡಿಸಿ ತಿಂಗಳಿಗೊಂದು ಮೊತ್ತ ಬರೆದಳು. ಆಷಾಢವನ್ನು ಆಷಾಢಕ್ಕೇ ಹೋಲಿಸಿದಳು, ಲಗ್ನದ ತಿಂಗಳನ್ನು ಹೋದ ವರ್ಷದ ಲಗ್ನದ ತಿಂಗಳಿಗೇ ಹೋಲಿಸಿದಳು. ಲಗ್ನದ ತಿಂಗಳ ಪಕ್ಕ ಆಷಾಢ ಇಟ್ಟು "ನೋಡ್ರಿ ಬಿದ್ದುಹೋತು" ಎಂದರೆ ಅಮರಪ್ಪನವರು ಕಾಗದ ಮುಖಕ್ಕೆ ಎಸೆಯುತ್ತಾರೆಂದು ಅವಳಿಗೆ ಗೊತ್ತಿತ್ತು. ಸರಿಯಾಗಿ ಹೋಲಿಸಿದರೂ ವ್ಯಾಪಾರ ಐದರಲ್ಲಿ ಒಂದು ಪಾಲು ಇಳಿದಿತ್ತು. ಸುರಪುರ ರಸ್ತೆಯಲ್ಲಿ ರೆಡಿಮೇಡ್ ಬ್ಲೌಸಿನ ದೊಡ್ಡ ಅಂಗಡಿ ಬಂದಾಗಿನಿಂದ ಹೀಗಾಗಿತ್ತು, ಅದರಲ್ಲಿ ಸುಳ್ಳೇನಿಲ್ಲ.

ಆಮೇಲೆ ಮಂದಿಯ ಲೆಕ್ಕ. ಹಳೇ ಕ್ಯಾಲೆಂಡರಿನ ಹಾಳೆ ಹರಿದು ಹಿಂದುಗಡೆ ನಡುವೆ ಗೆರೆ ಎಳೆದಳು. ಎಡಗಡೆ "ನಮ್ಮ ಬಾಗಿಲು", ಬಲಗಡೆ "ಆ ಕಡೆ ಬಾಗಿಲು". ಮೆಟ್ಟಿಲು ಹತ್ತಿದವರೆಲ್ಲ ತನ್ನ ಗಿರಾಕಿಗಳೇ ಎಂದು ಮಾಲಕರು ತಿಳಿಯಬಾರದು, ಅದಕ್ಕೇ ಹಾಳೆಯಲ್ಲಿ ಎರಡು ಅಂಕಣ ಮಾಡಿದ್ದು. ಆ ಗೆರೆ ಎಳೆದಾಗ ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಇದನ್ನು ನಾನು ಆಣೆ ಇಟ್ಟು ಹೇಳುತ್ತೇನೆ. ಒಳಗೆ ಬಂದವರಿಗೆ ಒಂದು ಗೀಟು, ಕೊಂಡವರಿದ್ದರೆ ಗೀಟಿಗೆ ಒಂದು ಚುಕ್ಕೆ. ಎರಡು ವಾರ ಎಣಿಸಿದಳು, ಎರಡು ಸಂತೆಯ ದಿನಗಳೂ ಸೇರಿದವು. ಮಧ್ಯಾಹ್ನ ತಸ್ಲೀಮಾ ಚಹಾದ ಲೋಟ ಹಿಡಿದು ಬಂದು ಕೂತಾಗಲೂ ಎಣಿಸಿದಳು. "ಏನದು ಅಕ್ಕಾ, ಹಾಳಿ ತುಂಬ ಗೀಟು?" ಎಂದು ತಸ್ಲೀಮಾ ಕೇಳಿದ್ದಕ್ಕೆ "ಮಾಲಕರಿಗೆ ಹಿಸಾಬು" ಎಂದಳು. ತಸ್ಲೀಮಾ ನಕ್ಕು ತನ್ನ ಲೋಟದ ಅರ್ಧ ಚಹಾ ಇವಳ ಲೋಟಕ್ಕೆ ಸುರಿದಳು.

ಎರಡು ವಾರ ಮುಗಿದು ಗೀಟು ಕೂಡಿಸಿದ ದಾನೇಶ್ವರಿ, ತಪ್ಪಿತೇನೋ ಎಂದು ಇನ್ನೊಮ್ಮೆ ಕೂಡಿಸಿದಳು. ಆ ಕಡೆ ಬಾಗಿಲಿನ ಗೀಟು ತನ್ನ ಬಾಗಿಲಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು.

ಯಾಕೆಂದು ಅವಳಿಗೆ ಗೊತ್ತಿರಲಿಲ್ಲವೇ? ಅಯ್ಯೋ, ಊರಲ್ಲಿ ಬ್ಲೌಸ್ ಹೊಲಿಸಿದ ಪ್ರತಿ ಹೆಂಗಸಿಗೂ ಗೊತ್ತು. ಟೇಲರ್ ಹತ್ತಿರ ಒಂದೇ ಸಲ ಹೋಗಿ ಬ್ಲೌಸ್ ತಂದವರು ಯಾರಾದರೂ ಇದ್ದರೆ ಕರೆದು ತನ್ನಿ, ಆರತಿ ಎತ್ತೋಣ. ಅಳತೆ ಕೊಡಲು ಒಂದು ಸಲ. "ಆಗ್ಯದೇನ್ರಿ?" ಎಂದು ಕೇಳಲು ಒಂದು ಸಲ. "ನಾಳಿ ಅಂದಿದ್ರಿ" ಎಂದು ಜಗಳಾಡಿ ಒಯ್ಯಲು ಇನ್ನೊಂದು ಸಲ. ಒಯ್ದ ಮೇಲೆ ಕಂಕುಳಲ್ಲಿ ಬಿಗಿಯೆಂದು ಬಿಚ್ಚಿಸಲು ಮತ್ತೊಂದು ಸಲ. ಹೊಲಿಗೆಯ ದುಡ್ಡು ಒಂದೇ ಸಲ, ಗೀಟು ಮಾತ್ರ ನಾಲ್ಕು. ದಾನೇಶ್ವರಿ ಈ ವಿಷಯಕ್ಕೆ ತಸ್ಲೀಮಾಳನ್ನು ದಿನಾ ಚೇಷ್ಟೆ ಮಾಡುತ್ತಿದ್ದವಳೇ.

ಹಾಳೆಯ ಕೆಳಗೆ ಅದನ್ನೊಂದು ಸಾಲು ಬರೆಯಬೇಕೆಂದು ಪೆನ್ನು ಎತ್ತಿದಳು. ಬರೆಯಲಿಲ್ಲ. "ಕೇಳಿದ್ರ ಹೇಳೂಣು" ಅಂದುಕೊಂಡಳು. ನೋಡಿ, ಮನುಷ್ಯರು ತಮಗೆ ತಾವೇ ಮೋಸ ಮಾಡಿಕೊಳ್ಳುವುದಕ್ಕೆ ಇಷ್ಟು ಚಿಕ್ಕ ಮಾತು ಸಾಕು.

ಮರುದಿನ ಬೆಳಿಗ್ಗೆ ಅಮರಪ್ಪನವರು ಪಡಸಾಲೆಯಲ್ಲಿ ಕನ್ನಡಕ ಏರಿಸಿಕೊಂಡು ಕೂತರು. ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು. ಬಿಲ್ ಪುಸ್ತಕದ ಮೊತ್ತ, ಫೋನಿನ ಮೊತ್ತ ಬೇರೆ ಬೇರೆ ಕೂಡಿಸಿ ನೋಡಿದರು.

"ಹುಡುಗ್ರನ್ನೂ ಎಣಿಸಿದ್ಯೇನು?"

"ಇಲ್ರಿ. ಅವ್ವನ ಜೋಡಿ ಬಂದ ಹುಡುಗ್ರನ್ನ ಬಿಟ್ಟೀನಿ. ಚಿಲ್ಲರೆ ಕೇಳಾಕ ಬಂದವರನ್ನೂ ಬಿಟ್ಟೀನಿ."

"ಹತ್ತು ಮಂದಿ ಬಂದ್ರ ನಾಕು ಮಂದಿ ತೊಗೋತಾರ ಅಂದಂಗಾತು."

"ಹೌದ್ರಿ. ಬ್ಯಾಂಕಿಗೆ ಬಂದವರು ಒಬ್ಬರೋ ಇಬ್ಬರೋ ಹತ್ತಿದ್ರ ಹೆಚ್ಚು. ನನಗ ನೂರಕ್ಕ ಇಪ್ಪತ್ತೈದು ಉಳಿದ್ರ ಭಾಳ ಆತು ಕಾಕಾ. ಹನ್ನೊಂದು ಸಾವಿರ ಬಾಡಿಗಿ ಹೋದ್ರ ನಾ ನಿಮ್ಮ ಸಲುವಾಗಿ ಅಂಗಡಿ ನಡಿಸಿದಂಗ."

ಅಮರಪ್ಪನವರು ತಲೆ ಆಡಿಸಿದರು. ಬೆರಳು ಗೆರೆ ದಾಟಿ ಬಲಗಡೆ ಬಂತು.

"ಇದು?"

"ಅದು ತಸ್ಲೀಮಾನ ಬಾಗಲಾರಿ."

"ಇಷ್ಟು ಮಂದಿ ಹೋಗ್ತಾರ ಅಲ್ಲಿಗಿ?"

ಕೇಳಿಬಿಟ್ಟರು. ಕೇಳಿದರೆ ಹೇಳೋಣ ಅಂದುಕೊಂಡಿದ್ದವಳು ಈಗ ಹೇಳಬೇಕಿತ್ತು. ರಾಧಿಕಾಳ ಫೀಜು ಕಣ್ಣ ಮುಂದೆ ಬಂತು.

"ಹೋಗ್ತಾರ್ರಿ," ಎಂದಳು.

"ಮತ್ತ ಆಕಿ ಬಾಡಿಗಿ ಆರು ಸಾವಿರ ಅದ. ಮಂದಿ ಎತ್ತ ಹರೀತದೋ ಅತ್ತ ಬಾಡಿಗಿ ಇರಬೇಕು. ಇಲ್ಲಿಮಟ ನಾ ಕಣ್ಣಿದ್ದೂ ಕುಲ್ಡಾಗಿದ್ದೆ ಬಿಡು." ಅಮರಪ್ಪನವರು ಹಾಳೆ ಮಡಚಿ ಬನಿಯನ್ನಿನ ಜೇಬಿಗೆ ಇಟ್ಟುಕೊಂಡರು. "ನಿನಗ ಐನೂರು ಏರಿಸ್ತೀನಿ. ಎಂಟೂವರಿ. ಸರಿ ಏನವಾ?"

ಸರಿ ಎಂದಳು. ಕಾಲಿಗೂ ಬಿದ್ದಳು. ಬಸ್ ಸ್ಟ್ಯಾಂಡಿನ ತನಕ ಹೋಗಿ ಪೇಢೆ ಕೊಂಡಳು. ಅದರಲ್ಲಿ ಎರಡನ್ನು ಪ್ರತಿಸಲದಂತೆ ತಸ್ಲೀಮಾಳಿಗೆಂದು ಕಾಗದದಲ್ಲಿ ಸುತ್ತಿ, ಕಟ್ಟೆಯ ತನಕ ಬಂದು, ಬಲಕ್ಕೆ ತಿರುಗಲಾರದೆ ಎಡಕ್ಕೇ ತಿರುಗಿದಳು. ಆ ಎರಡು ಪೇಢೆ ಗಲ್ಲಾಪೆಟ್ಟಿಗೆಯಲ್ಲೇ ಉಳಿದು ಒಣಗಿದವು.

ನಾಲ್ಕು ದಿನ ಕಳೆದ ಮೇಲೆ ಮಧ್ಯಾಹ್ನ ಮಷಿನ್ ನಿಂತಿತು. ದಾನೇಶ್ವರಿ ಎಂದಿನಂತೆ ಕೂಗಲಿಲ್ಲ. ತಸ್ಲೀಮಾಳೇ ಬಂದಳು, ಕೊರಳಲ್ಲಿ ಟೇಪು, ಓಢಣಿಗೆ ಅಂಟಿದ ದಾರದ ಚೂರುಗಳು.

"ಯಾ ಅಲ್ಲಾ, ಕೇಳಿದೇನಕ್ಕಾ? ಆರು ಇದ್ದದ್ದು ಒಂಬತ್ತು ಸಾವಿರ ಅಂತ! ಮಾಲಕರು ಬಂದು ಹೇಳಿ ಹೋಗ್ಯಾರ. ನನ್ನ ಬಾಗಲಾಗ ಭಾಳ ಮಂದಿ ಬರ್ತಾರ ಅಂತಾರ. ಯಾರ ಹೇಳಿದ್ರೋ ಏನೋ, ಅವರ ನಾಲಿಗಿ ಬಿದ್ದುಹೋಗ್ಲಿ!"

ದಾನೇಶ್ವರಿ ಫಾಲಿನ ಕಟ್ಟು ಬಿಚ್ಚಿ ಮತ್ತೆ ಸುತ್ತತೊಡಗಿದಳು. ಸುತ್ತಿದ್ದನ್ನೇ ಮತ್ತೆ ಸುತ್ತಿದಳು.

"ನಿನಗೆಷ್ಟ ಮಾಡ್ಯಾರಕ್ಕಾ?"

"ಎಂಟೂವರಿ."

"ಐನೂರೇ ಏರಿಸ್ಯಾರಾ! ಹಿಸಾಬು ತೋರಿಸಿದಿ ಅಲ್ಲಾ, ಅದಕ್ಕ." ತಸ್ಲೀಮಾಳ ಮುಖದಲ್ಲಿ ಹೊಟ್ಟೆಕಿಚ್ಚಿರಲಿಲ್ಲ, ಸಂತೋಷವೇ ಇತ್ತು. ಅದೇ ದಾನೇಶ್ವರಿಯನ್ನು ಸುಟ್ಟಿತು. "ನಂಗೂ ಜರಾ ಬರದು ಕೊಡಕ್ಕಾ. ನಂಗೆಲ್ಲಿ ಬರ್ತದ ಅವೆಲ್ಲ. ಒಂಬತ್ತು ಕೊಟ್ರ ನಾ ಮಷಿನ್ ಎತ್ಕೊಂಡು ಮನ್ಯಾಗ ಕುಂದ್ರಬೇಕಾಗ್ತದ. ಮನ್ಯಾಗ ಕುಂತ್ರ ಯಾರ ಬರ್ತಾರ ಹೊಲ್ಸಾಕ?"

ಈಗ ಹೇಳಿಬಿಡಲೇ? "ನಿನ್ನ ಆರ್ಡರ್ ಪುಸ್ತಕ ತೊಗೊಂಡ್ ಬಾ," ಎಂದಷ್ಟೇ ಹೇಳಿದಳು.

ತಸ್ಲೀಮಾ ಪುಸ್ತಕ ತಂದಳು. ಪುಟದ ತುಂಬ ಬಟ್ಟೆಯ ತುಣುಕುಗಳು, ಪಕ್ಕದಲ್ಲಿ ಅಳತೆ. ದಾನೇಶ್ವರಿ ಎಣಿಸಿದಳು. ಅದೇ ಎರಡು ವಾರದಲ್ಲಿ ಬಂದ ಆರ್ಡರು ಇವಳು ಹಾಕಿದ್ದ ಗೀಟುಗಳ ಕಾಲುಭಾಗಕ್ಕಿಂತ ಕಡಿಮೆ. ಹೊಲಿಗೆಯ ದುಡ್ಡಿನಲ್ಲಿ ದಾರ, ಕರೆಂಟು ಕಳೆದು ಬರೆದಳು. ನನ್ನಂಥ ಹಲ್ಕಾ ಹೆಂಗಸು ಈ ಊರಲ್ಲಿ ಇನ್ನೊಬ್ಬಳಿಲ್ಲ ಎಂದುಕೊಂಡಳು.

ಅಷ್ಟರಲ್ಲಿ ದೋರನಹಳ್ಳಿಯ ಒಬ್ಬ ಹೆಣ್ಣುಮಗಳು ಅಳತೆ ಕೊಡಲು ತಸ್ಲೀಮಾಳನ್ನು ಹುಡುಕುತ್ತ ಇಲ್ಲಿಗೇ ಬಂದಳು. ತಸ್ಲೀಮಾ ಅವಳ ಬಟ್ಟೆ ಮುಟ್ಟಿ ನೋಡಿ, "ಅಸ್ತರ್ ಹಾಕಬೇಕ್ರಿ ಇದಕ್ಕ. ಇಲ್ಲೇ ಅಕ್ಕನ ಕಡೆ ತೊಗೋರಿ, ಬ್ಯಾರೆ ಕಡೆ ತೊಗೊಂಡ್ರ ಬಣ್ಣ ಬಿಡ್ತಾವ," ಎಂದಳು. ಹೀಗೇ ದಿನಾ ಕಳಿಸುತ್ತಿದ್ದಳು. ತಾನೇ ಒಂದು ಥಾನು ಅಸ್ತರು ತಂದಿಟ್ಟುಕೊಂಡಿದ್ದರೆ ಆ ಲಾಭವೂ ಅವಳಿಗೇ ಆಗುತ್ತಿತ್ತು, ಆದರೆ ಒಂದು ದಿನವೂ ತಂದಿರಲಿಲ್ಲ. ದಾನೇಶ್ವರಿ ಅಸ್ತರು ಅಳೆದು ಕೊಟ್ಟು ದುಡ್ಡು ತೆಗೆದುಕೊಂಡಳು. ಆ ನೋಟು ಗಲ್ಲಾಕ್ಕೆ ಹಾಕುವಾಗ ಒಣಗಿದ ಪೇಢೆ ಕಂಡಿತು.

"ನಾಳಿ ನನ್ನ ಜೋಡಿ ನೀನೂ ಬಾ," ಎಂದಳು ತಸ್ಲೀಮಾ. "ನೀ ಇದ್ರ ಧೈರ್ಯ."

ಹೋಗದಿರಲು ಜ್ವರ ಬಂದರೂ ಸಾಕು ಎಂದು ದಾನೇಶ್ವರಿ ದೇವರನ್ನು ಬೇಡಿಕೊಂಡಳು. ಜ್ವರ ಬರಲಿಲ್ಲ. ಬೆಳಿಗ್ಗೆ ಇಬ್ಬರೂ ಅಮರಪ್ಪನವರ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತರು. ತಸ್ಲೀಮಾ ತಲೆಯ ಮೇಲೆ ಓಢಣಿ ಎಳೆದುಕೊಂಡು ಹೊಸ ಹಾಳೆ ಮುಂದೆ ಹಿಡಿದಳು. ಅಮರಪ್ಪನವರು ಓದಿದರು. ಹುಬ್ಬು ಗಂಟಿಕ್ಕಿತು.

"ಇದೇನಿದು? ಇದ್ರಾಗ ಆರ್ಡರ್ ಇಷ್ಟೇ ಅವ. ಆ ಹಾಳ್ಯಾಗ ಮಂದಿ ಬ್ಯಾರೆನೇ ಅದ." ಬನಿಯನ್ನಿನ ಜೇಬಿನಿಂದ ಕ್ಯಾಲೆಂಡರಿನ ಹಾಳೆ ತೆಗೆದು ಪಕ್ಕದಲ್ಲಿ ಹರವಿದರು. ಆಮೇಲೆ ದಾನೇಶ್ವರಿಯ ಕಡೆ ತಿರುಗಿ, ಒಂದು ಚೂರೂ ಕಪಟವಿಲ್ಲದೆ ಕೇಳಿದರು: "ಎರಡೂ ಹಾಳಿ ನೀನೇ ಬರದದ್ದು ಅಲ್ಲೇನವಾ? ಅಕ್ಷರ ಒಂದೇ ಅವ. ಯಾವುದು ಖರೇ?"

ತಸ್ಲೀಮಾ ಹಾಳೆಯ ಮೇಲೆ ಬಗ್ಗಿದಳು. ಅವಳಿಗೆ ಕನ್ನಡ ಓದಲು ನಿಧಾನ. ತುಟಿ ಅಲ್ಲಾಡಿಸುತ್ತ ಓದಿದಳು: "ಆ... ಕಡೆ... ಬಾಗಿಲು." ಗೀಟುಗಳನ್ನು ನೋಡಿದಳು. ಆಮೇಲೆ ದಾನೇಶ್ವರಿಯನ್ನು ನೋಡಿದಳು. ಬೈದಿದ್ದರೆ ದಾನೇಶ್ವರಿ ಬದುಕಿಕೊಳ್ಳುತ್ತಿದ್ದಳು. ತಸ್ಲೀಮಾ ಬೈಯಲಿಲ್ಲ. ಅಪರಿಚಿತರ ಮುಂದೆ ಕೂತವಳಂತೆ ಓಢಣಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು, ಅಷ್ಟೇ.

"ಎರಡೂ ಖರೇನ್ರಿ ಕಾಕಾ," ಎಂದಳು ದಾನೇಶ್ವರಿ. "ಆದ್ರ ಆ ಗೀಟು ಮಂದಿ ಅಲ್ರಿ. ಅವು ಬರೇ ಬಂದುಹೋಗಿದ್ದು. ಒಬ್ಬಾಕಿ ಒಂದು ಬ್ಲೌಸಿಗೆ ನಾಕು ಸಲ ಬರ್ತಾಳ. ಅಳತಿ ಕೊಡಾಕ, ಕೇಳಾಕ, ಜಗಳ ಮಾಡಿ ಒಯ್ಯಾಕ, ಬಿಚ್ಚಿಸಾಕ. ನಾ ನಾಕು ಗೀಟು ಹಾಕೀನಿ. ದುಡ್ಡು ಒಂದೇ ಬ್ಲೌಸಿಂದು."

"ಅಂದ್ರ ಹರದು ಹೋದ ನೀರನ್ನೇ ಮತ್ತ ಮತ್ತ ಅಳದಂಗಾತು."

"ಹೌದ್ರಿ."

"ಅವತ್ತ ಕೇಳಿದ್ನಲ್ಲ ನಾ? ಇಷ್ಟು ಮಂದಿ ಹೋಗ್ತಾರೇನು ಅಂತ."

"ಕೇಳಿದ್ರಿ. ಗೊತ್ತಿದ್ದೂ ಹೇಳಲಿಲ್ಲ."

ದಾನೇಶ್ವರಿ ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬಾಯಿ ಬಿಟ್ಟಾಗಿತ್ತು, ಮುಚ್ಚುವುದು ಅವಳ ಕೈಯಲ್ಲಿರಲಿಲ್ಲ. ಎಡಗಡೆಯ ಗೀಟುಗಳನ್ನು ತೋರಿಸಿದಳು.

"ಇನ್ನೊಂದು ಅದರಿ. ನನ್ನ ಬಾಗಲಾಗ ಚುಕ್ಕಿ ಹಾಕಿದವು ನೋಡ್ರಿ, ತೊಗೊಂಡವರು. ಅದ್ರಾಗ ಅರ್ಧ ಮಂದಿನ್ನ ಈಕೀನೇ ಕಳಿಸಿದ್ದು. ಅಸ್ತರ್, ಫಾಲ್, ಹುಕ್ಕು, ಎಲ್ಲಾ. ಅದನ್ನೂ ನಾ ಬರೀಲಿಲ್ಲ. ಈಕಿ ಅಂಗಡಿ ಮುಚ್ಚಿದ್ರ ನನ್ನದೂ ಮುಚ್ಚತದರಿ."

ಅಮರಪ್ಪನವರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದರು. ಅವರು ಬೈಯುವ ಜಾತಿಯವರಲ್ಲ, ಅಳೆಯುವವರು. ಎರಡೂ ಹಾಳೆ ಮತ್ತೊಮ್ಮೆ ನೋಡಿ ಹೇಳಿದರು: "ತಸ್ಲೀಮಾ, ನಿನಗ ಆರೂವರಿ. ದಾನೇಶ್ವರಿ, ನಿನಗ ಒಂಬತ್ತು. ನಿನ್ನ ವ್ಯಾಪಾರ ಇಳಿದದ್ದು ಖರೇ ಅದ, ಅದಕ್ಕ ಹನ್ನೊಂದು ಕೇಳಂಗಿಲ್ಲ. ಆದ್ರ ಎಂಟೂವರಿ ನಾ ಅಂದದ್ದು ಅರ್ಧ ಲೆಕ್ಕ ನೋಡಿ. ಇಬ್ಬರೂ ಆಧಾರ್ ಝೆರಾಕ್ಸ್ ತೊಗೊಂಡ್ ಬರ್ರಿ, ಹನ್ನೊಂದು ತಿಂಗಳ ಕರಾರು ಮಾಡಿಸಿಬಿಡೂಣು."

ಒಂಬತ್ತು. ತಡೆದುಕೊಳ್ಳಬಹುದು. ಮನೆಯಲ್ಲಿ ಇನ್ನೊಂದಿಷ್ಟು ಬಿಗಿ ಹಿಡಿದರೆ ರಾಧಿಕಾಳ ಫೀಜೂ ನಡೆಯುತ್ತದೆ. ಬಂದ ಕೆಲಸ ಆಗಿತ್ತು. ಆದರೂ ದಾನೇಶ್ವರಿ ತಸ್ಲೀಮಾಳ ಮುಖ ನೋಡದೆ ಎದ್ದಳು.

ಇಬ್ಬರೂ ಹೊರಗೆ ಕಟ್ಟೆಗೆ ಬಂದರು. ದಾನೇಶ್ವರಿ "ತಸ್ಲೀಮಾ, ತಪ್ಪಾತವಾ" ಎಂದಳು. ತಸ್ಲೀಮಾ ಬೀಗದ ಕೈ ಹುಡುಕುತ್ತಿದ್ದಳು. ಬೀಗ ತೆಗೆದು, ಶಟರ್ ಅರ್ಧ ಎತ್ತಿ, ಆಮೇಲೆ ತಿರುಗಿದಳು.

"ನನ್ನ ಬಾಗಲಾ ಎಣಿಸುವಾಗ ನನ್ನ ಚಹಾನೇ ಕುಡ್ಯಾಕತ್ತಿದ್ದಿ ಅಲ್ಲಕ್ಕಾ?"

ಉತ್ತರಕ್ಕೆ ಕಾಯದೆ ಬಗ್ಗಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮಷಿನ್ ಶುರುವಾಯಿತು.

ಇನ್ನು ಅವಳು ಯಾರನ್ನೂ ಈ ಕಡೆ ಕಳಿಸುವುದಿಲ್ಲ ಎಂದು ದಾನೇಶ್ವರಿ ತಿಳಿದಿದ್ದಳು. ಕಳಿಸದಿದ್ದರೆ ಒಂಥರಾ ಒಳ್ಳೆಯದೇ, ಲೆಕ್ಕ ಚುಕ್ತಾ ಆಗುತ್ತದೆ ಎಂದೂ ಅಂದುಕೊಂಡಳು. ಮಧ್ಯಾಹ್ನ ಚಹಾ ಬರಲಿಲ್ಲ. ಆದರೆ ಸಂಜೆಗೆ ಬಸುರಿ ಸೊಸೆಯನ್ನು ಕರೆದುಕೊಂಡು ಮಲಕಮ್ಮ ಎಂಬ ಹೆಂಗಸು ಬಂದಳು. "ಹೊಲಿಯಾಕಿ ಹೇಳಿದಳ್ರಿ, ಇದಕ್ಕ ಹೊಂದೂ ಅಸ್ತರ್ ನಿಮ್ಮ ಕಡೆ ಸಿಗ್ತದಂತ," ಎಂದು ಹಸಿರು ಬಟ್ಟೆ ಗಲ್ಲಾದ ಮೇಲಿಟ್ಟಳು.

ದಾನೇಶ್ವರಿಯ ಕಣ್ಣು ತುಂಬಿತು. ಥಾನು ಇಳಿಸಲು ಕೈ ಎತ್ತಿದಳು. ಆಗ ತೆಳು ಗೋಡೆಯ ಆಚೆ ಮಷಿನ್ ನಿಂತಿತು.

"ಬರಕೋ ಅಕ್ಕಾ," ತಸ್ಲೀಮಾ ಅಲ್ಲಿಂದಲೇ ಕೂಗಿದಳು, ದನಿಯಲ್ಲಿ ಸಿಟ್ಟೂ ಇಲ್ಲ, ನಗೆಯೂ ಇಲ್ಲ. "ಒಂದು ಬಂತು."

ಮಲಕಮ್ಮ ಏನೆಂದು ತಿಳಿಯದೆ ಗೋಡೆಯ ಕಡೆ ನೋಡಿದಳು. ದಾನೇಶ್ವರಿ ತಲೆ ಬಗ್ಗಿಸಿ ಅಸ್ತರು ಅಳೆದಳು. ಮರುದಿನವೂ ಆ ಕಡೆಯಿಂದ ಗಿರಾಕಿ ಬಂದಳು, ಅದರ ಮರುದಿನವೂ. ಒಬ್ಬೊಬ್ಬಳು ಬಂದಾಗಲೂ ಮಷಿನ್ ನಿಂತು ಆ ಕೂಗು ಕೇಳುತ್ತದೆ. ದಾನೇಶ್ವರಿ ಇಂದಿಗೂ "ಹೂಂ" ಎಂದು ಉತ್ತರ ಕೊಡುತ್ತಾಳೆ.